ವಿದೇಶಿ ಪದವಿಗೆ ಇಲ್ಲಿ ಮಾನ್ಯತೆ ಪಡೆಯುವುದು ಹೇಗೆ?

ಲಂಡನ್ನಿನಲ್ಲೋ ಲೀಡ್ಸ್‌ನಲ್ಲೋ ಒಂದು ವರ್ಷದ ಎಂಎಸ್ಸಿ ಮುಗಿಸಿ ಊರಿಗೆ ಬಂದವರು ಖಾಸಗಿ ಕಂಪನಿಗೆ ಸೇರುವುದಾದರೆ ಈ ಲೇಖನದ ಅಗತ್ಯವೇ ಇಲ್ಲ. ಸರ್ಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಅರ್ಜಿ ಹಾಕುವವರ ಮಾತು ಬೇರೆ. ಆ ಪದವಿ ಇಲ್ಲಿನ ಪದವಿಗೆ ಸಮ ಎಂದು ಹೇಳುವ ತತ್ಸಮಾನ ಪ್ರಮಾಣಪತ್ರ ಅವರ ಕೈಯಲ್ಲಿರಬೇಕು.

ಮೊದಲು ಯಾವ ಬಾಗಿಲು ತಟ್ಟಬೇಕು ಎಂದು ತಿಳಿದುಕೊಳ್ಳಿ. ಬಹಳ ವರ್ಷ ಈ ಪತ್ರ ಕೊಡುತ್ತಿದ್ದದ್ದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. 2025ರ ಏಪ್ರಿಲ್‌ನಲ್ಲಿ ಯುಜಿಸಿ ತನ್ನದೇ ನಿಯಮ ತಂದು, ಆನ್‌ಲೈನ್ ಪೋರ್ಟಲ್ ಮೂಲಕ ತಾನೇ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿತು. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ವಾಸ್ತುಶಿಲ್ಪ ಓದಿದವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಆಯಾ ಮಂಡಳಿಗೇ ಹೋಗಬೇಕು.

ಕಾವ್ಯ ಎಂಬ ಹಾಸನದ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಇಲ್ಲಿ ಮೂರು ವರ್ಷದ ಬಿಎಸ್ಸಿ, ಬ್ರಿಟನ್ನಿನಲ್ಲಿ ಒಂದು ವರ್ಷದ ಎಂಎಸ್ಸಿ. ಒಂದೇ ವರ್ಷದ ಕೋರ್ಸ್ ನಡೆಯುತ್ತಾ ಎಂಬುದು ಅವಳ ಅಪ್ಪನ ಚಿಂತೆ. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಪರಸ್ಪರರ ಪದವಿಗಳನ್ನು ಒಪ್ಪುವ ಒಪ್ಪಂದ ಮಾಡಿಕೊಂಡ ಮೇಲೆ ಆ ಚಿಂತೆ ಬೇಡ. ಯುಜಿಸಿ ನೋಡುವುದು ಬೇರೆ ವಿಷಯಗಳನ್ನು. ವಿಶ್ವವಿದ್ಯಾಲಯಕ್ಕೆ ಆ ದೇಶದಲ್ಲಿ ಮಾನ್ಯತೆ ಇದೆಯೇ, ಕೋರ್ಸಿಗೆ ಸೇರಲು ಬೇಕಾದ ಅರ್ಹತೆ ಇಲ್ಲಿನಂತೆಯೇ ಇತ್ತೇ, ತರಗತಿಗೆ ಹೋಗಿ ಓದಿದ್ದೇ? ಆನ್‌ಲೈನ್ ಅಥವಾ ದೂರ ಶಿಕ್ಷಣದಲ್ಲಿ ಪಡೆದ ಪದವಿಗೆ ಇಲ್ಲಿ ದಾರಿಯಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಫ್ರಾಂಚೈಸಿ ಸಂಸ್ಥೆ ಕೊಟ್ಟದ್ದಕ್ಕೂ ಅಷ್ಟೇ. ಹಣ ಕಟ್ಟುವ ಮೊದಲೇ ಇದನ್ನು ವಿಚಾರಿಸಬೇಕು, ಅಲ್ವಾ?

ಎರಡನೆಯದು ಕಾಗದಪತ್ರ. ಇದರಲ್ಲಿ ಅರ್ಧ ಕೆಲಸ ಊರಿಗೆ ಮರಳುವ ವಿಮಾನ ಹತ್ತುವ ಮೊದಲೇ ಆಗಬೇಕು. ಪದವಿ ಪತ್ರ ಮತ್ತು ಪ್ರತಿ ವಿಷಯದ ಅಂಕ, ಕ್ರೆಡಿಟ್ ಇರುವ ಟ್ರಾನ್ಸ್‌ಕ್ರಿಪ್ಟ್ ಬೇಕೇ ಬೇಕು. ಪೂರ್ಣಾವಧಿ ಕೋರ್ಸ್, ಕ್ಯಾಂಪಸ್ಸಿನಲ್ಲಿ ಓದಿದ್ದು ಎಂಬ ಒಂದು ಪತ್ರವನ್ನೂ ಕಾಲೇಜು ಕಚೇರಿಯಿಂದ ಬರೆಸಿಕೊಳ್ಳಿ. ಪಾಸ್‌ಪೋರ್ಟಿನ ಎಲ್ಲ ಮುದ್ರೆ ಪುಟಗಳನ್ನೂ ವೀಸಾ ದಾಖಲೆಯನ್ನೂ ಉಳಿಸಿಕೊಳ್ಳಿ. ಅಲ್ಲಿದ್ದು ಓದಿದ್ದಕ್ಕೆ ಅವೇ ಸಾಕ್ಷಿ. ಬ್ರಿಟನ್ ಈಗ ವೀಸಾ ಕಾರ್ಡಿನ ಬದಲು ಇ-ವೀಸಾ ಕೊಡುತ್ತಿದೆ, ಅದರ ಪ್ರತಿ ಇಳಿಸಿಟ್ಟುಕೊಳ್ಳಿ. ದಾಖಲೆ ಪರಿಶೀಲನೆಯಲ್ಲಿ ಅಪೊಸ್ಟಿಲ್, ಅಂದರೆ ದಾಖಲೆಯ ಸಹಿ, ಮೊಹರು ಅಸಲಿ ಎಂದು ಸರ್ಕಾರ ಹಾಕುವ ಮುದ್ರೆ, ಕೇಳಿದರೆ ಅದನ್ನು ಪದವಿ ಕೊಟ್ಟ ದೇಶವೇ ಹಾಕಬೇಕು. ನಮ್ಮ ವಿದೇಶಾಂಗ ಇಲಾಖೆಯ ಮುದ್ರೆ ಭಾರತದ ದಾಖಲೆಗಳಿಗೆ ಮಾತ್ರ. ಇದು ಗೊತ್ತಿಲ್ಲದೆ ಏಜೆಂಟರ ಹತ್ತಿರ ಸುಮ್ನೆ ದುಡ್ಡು ಕಳೆಯುವವರಿದ್ದಾರೆ.

ನಮ್ಮವರಿಗೆ ಜಾಸ್ತಿ ಕಾಡುವುದು ಹೆಸರು. ಕಾವ್ಯಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್. ಎಂ.’ ಎಂದಿದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದದ್ದರಿಂದ ಅಲ್ಲಿ ‘ಕಾವ್ಯ ಹೊಸೂರು ಮಂಜುನಾಥ’. ಎಂಎಸ್ಸಿ ಪತ್ರ ಪಾಸ್‌ಪೋರ್ಟಿನ ಹೆಸರಲ್ಲಿ ಬಂದಿದೆ. ನೋಡುವವರಿಗೆ ಇಬ್ಬರು ಕಾವ್ಯಂದಿರು. ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಅರ್ಜಿಯ ಜೊತೆಗೇ ಹಾಕುವುದು ಒಳ್ಳೆಯದು. ಪ್ರಶ್ನೆ ಬರಲಿ ಎಂದು ಕಾಯಬಾರದು.

ಮೂರನೆಯದು ಅರ್ಜಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳನ್ನೂ ಓದಲು ಬರುವಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಸಿದ್ಧವಿಟ್ಟುಕೊಂಡು ಪೋರ್ಟಲ್‌ಗೆ ಹೋಗಿ, ಶುಲ್ಕ ಕಟ್ಟಿ. ನಿಯಮದ ಪ್ರಕಾರ ತಜ್ಞರ ಸಮಿತಿ 10 ಕೆಲಸದ ದಿನಗಳಲ್ಲಿ ಅಭಿಪ್ರಾಯ ಹೇಳಬೇಕು, 15 ಕೆಲಸದ ದಿನಗಳಲ್ಲಿ ಯುಜಿಸಿ ತೀರ್ಮಾನ ತಿಳಿಸಬೇಕು. ಹೆಚ್ಚಿನ ದಾಖಲೆ ಕೇಳಿದರೆ ಈ ಲೆಕ್ಕ ಮುಂದಕ್ಕೆ ಹೋಗುತ್ತದೆ. ಅರ್ಜಿ ತಿರಸ್ಕಾರವಾದರೆ 30 ಕೆಲಸದ ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು.

ಆದ್ದರಿಂದ ಕೆಪಿಎಸ್‌ಸಿ ಅಧಿಸೂಚನೆ ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಅರ್ಜಿಯ ಕೊನೆಯ ದಿನಕ್ಕೆ ಅರ್ಹತೆ ಇರಬೇಕು ಎಂಬುದು ಸಾಮಾನ್ಯ ಷರತ್ತು. ಪ್ರಮಾಣಪತ್ರ ಅದಕ್ಕಿಂತ ಮೊದಲ ತಾರೀಖಿನದಾಗಿದ್ದರೆ ತಕರಾರು ಬರುವುದಿಲ್ಲ.

ಇನ್ನು ಶೇಕಡಾವಾರು. ಅರ್ಜಿ ನಮೂನೆ ಶೇ 55 ಇದೆಯೇ ಎಂದು ಕೇಳುತ್ತದೆ, ಬ್ರಿಟನ್ನಿನ ಪತ್ರದಲ್ಲಿ ‘ಮೆರಿಟ್’ ಎಂದಷ್ಟೇ ಇರುತ್ತದೆ. ತತ್ಸಮಾನ ಪತ್ರ ಹೇಳುವುದು ಪದವಿಯ ಮಟ್ಟವನ್ನು, ಅಂಕವನ್ನು ಅದರಿಂದ ನಿರೀಕ್ಷಿಸಬೇಡಿ. ಒಟ್ಟು ಸರಾಸರಿ ಎಷ್ಟು ಎಂದು ಟ್ರಾನ್ಸ್‌ಕ್ರಿಪ್ಟಿನಲ್ಲೇ ಬರೆದುಕೊಡಲು ಅಲ್ಲಿನ ಪರೀಕ್ಷಾ ವಿಭಾಗಕ್ಕೆ ಇಮೇಲ್ ಹಾಕಿ.