ಒಂದು ಇಂಗ್ಲಿಷ್ ವಾಕ್ಯ ಕನ್ನಡದಲ್ಲಿ ನಾಲ್ಕಾದಾಗ

ನಾನು ಮಣ್ಣು ವಿಜ್ಞಾನ ಕಲಿಸುತ್ತೇನೆ. ಸಂಶೋಧನಾ ಲೇಖನಗಳನ್ನು ಬರೆಯುವುದು ಇಂಗ್ಲಿಷಿನಲ್ಲಿ. ಅದೇ ಕೆಲಸದ ಬಗ್ಗೆ ವಿದ್ಯಾರ್ಥಿಗಳಿಗೆ, ರೈತರಿಗೆ ಕನ್ನಡದಲ್ಲಿ ಮತ್ತೆ ಬರೆಯುತ್ತೇನೆ. ಕೆಲವೊಮ್ಮೆ ಕನ್ನಡದಲ್ಲಿ ಮೊದಲು ಬರೆದದ್ದು ಇಂಗ್ಲಿಷಿಗೆ ಹೋಗುತ್ತದೆ. ಈ ಓಡಾಟದಲ್ಲಿ ಪದ ಸಿಗಲಿಲ್ಲ ಅನ್ನುವುದು ಅಷ್ಟು ದೊಡ್ಡ ತೊಂದರೆಯಲ್ಲ. ಹುಡುಕಿದರೆ ಸಿಗುತ್ತದೆ, ಇಲ್ಲದಿದ್ದರೆ ಎರವಲು ಪಡೆಯಬಹುದು. ನಿಜವಾದ ತೊಡಕು ವಾಕ್ಯದ್ದು. ಉದ್ದದ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕಾಗಿ ಒಡೆದಾಗ, ನಾವು ಎಷ್ಟು ಖಚಿತವಾಗಿ ಹೇಳಿದ್ದೆವೋ ಅದು ಸದ್ದಿಲ್ಲದೆ ಬದಲಾಗಿಬಿಡುತ್ತದೆ.

ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ. ಲವಣ ಜಾಸ್ತಿಯಿರುವ ಮಣ್ಣಿನಲ್ಲಿ ಜೋಳ ಹೇಗೆ ಮೊಳೆಯುತ್ತದೆ ಅನ್ನುವ ಲೇಖನದ ಚರ್ಚೆಯ ಭಾಗದಲ್ಲಿ ಬರುವಂಥದ್ದು. ಅದನ್ನು ಇಂಗ್ಲಿಷಿನ ಅಚ್ಚಿನಲ್ಲೇ ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ಬೀಜಗಳ ನೀರು ಹೀರಿಕೊಳ್ಳುವಿಕೆಯ ಕುಂಠಿತಗೊಳ್ಳುವಿಕೆಯಿಂದ ಉಂಟಾಗುತ್ತದೆಂದು ಹಿಂದಿನ ಅಧ್ಯಯನಗಳಲ್ಲಿ ಪ್ರತಿಪಾದಿಸಲ್ಪಟ್ಟಿರುವ, ಲವಣಯುಕ್ತ ಮಣ್ಣುಗಳಲ್ಲಿ ಕಂಡುಬರುವ ಮೊಳೆಯುವಿಕೆಯ ಪ್ರಮಾಣದ ಇಳಿಕೆಯು ಬಿತ್ತನೆಪೂರ್ವ ನೆನೆಸುವಿಕೆಯಿಂದ ಭಾಗಶಃ ಸರಿದೂಗಿಸಲ್ಪಡಬಹುದು."

ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಓದಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ 'ಇಳಿಕೆ' ಎಂಬ ನಾಮಪದ ಮೊದಲೇ ಬರುತ್ತದೆ. ಎಂಥ ಇಳಿಕೆ, ಎಲ್ಲಿ ಕಂಡದ್ದು, ಯಾರು ಏನು ಕಾರಣ ಕೊಟ್ಟರು ಅನ್ನುವುದೆಲ್ಲ ಅದರ ಬೆನ್ನಿಗೆ ಬರುತ್ತದೆ. ಕನ್ನಡದಲ್ಲಿ ಉಲ್ಟಾ. ಕಂಡುಬರುವ, ಹೇಳಲಾದ, ಉಂಟಾಗುವ ಅನ್ನುವ ಕೃದಂತಗಳೆಲ್ಲ ನಾಮಪದಕ್ಕೆ ಮುಂಚೆ ನಿಲ್ಲಬೇಕು. ಯಾವುದರ ಬಗ್ಗೆ ಮಾತು ಅಂತ ಗೊತ್ತಾಗುವ ಮೊದಲೇ ಓದುಗರು ಅಷ್ಟನ್ನೂ ತಲೆಯಲ್ಲಿ ಹೊತ್ತು ಸಾಗಬೇಕು. ಒಂದು ನಾಮಪದದ ಮುಂದೆ ಒಂದು ಕೃದಂತ ಸಲೀಸು. ಎರಡಿದ್ದರೆ ನಡೆಯುತ್ತದೆ. ಮೂರನೆಯದು ಬಂತೆಂದರೆ ನಾನು ವಾಕ್ಯ ಒಡೆಯುತ್ತೇನೆ.

ಒಡೆದರೆ ಇಷ್ಟು ಚೆನ್ನಾಗಿ ಬರುತ್ತದೆ:

"ಲವಣ ಹೆಚ್ಚಿರುವ ಮಣ್ಣಿನಲ್ಲಿ ಬೀಜ ಕಡಿಮೆ ಮೊಳೆಯುತ್ತದೆ. ಅಲ್ಲಿ ಬೀಜಕ್ಕೆ ನೀರು ಹೀರಿಕೊಳ್ಳುವುದು ಕಷ್ಟ. ಮೊಳಕೆ ತಗ್ಗಲು ಇದೇ ಕಾರಣ. ಬಿತ್ತುವ ಮೊದಲು ನೆನೆಸಿದರೆ ಈ ಕೊರತೆ ಸ್ವಲ್ಪ ನೀಗಬಹುದು."

ಓದಲು ಹಿತವಾಗಿದೆ, ಅಲ್ವಾ? ಆದರೆ ಲೇಖನ ಹೇಳಿದ್ದು ಇದಲ್ಲ. ನೀರಿನ ಕೊರತೆಯೇ ಕಾರಣ ಅನ್ನುವುದು ಹಿಂದಿನವರ ಮಾತು, ನಮ್ಮ ಪ್ರಯೋಗದ ಫಲಿತಾಂಶವಲ್ಲ. ಸೋಡಿಯಂ, ಕ್ಲೋರೈಡ್ ಅಯಾನುಗಳು ಬೀಜಕ್ಕೆ ನೇರವಾಗಿಯೂ ಹಾನಿ ಮಾಡುತ್ತವೆ. ಹಾಗಾಗಿ 'ಇದೇ ಕಾರಣ' ಎನ್ನುವ ಹಾಗಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಆ ಮಾತು ಒಂದು ಉಪವಾಕ್ಯದೊಳಗೆ, 'ಹಿಂದಿನ ಅಧ್ಯಯನಗಳ ಪ್ರಕಾರ' ಎಂಬ ನೆರಳಿನಲ್ಲಿತ್ತು. ಕನ್ನಡದಲ್ಲಿ ಅದಕ್ಕೆ ಸ್ವಂತ ವಾಕ್ಯ ಸಿಕ್ಕಿತು. ಸ್ವಂತ ಕ್ರಿಯಾಪದ ಸಿಕ್ಕ ಕೂಡಲೇ ಅದು ನಮ್ಮದೇ ತೀರ್ಮಾನವಾಯಿತು.

ಅದಕ್ಕೇ ಒಡೆಯುವ ಮುಂಚೆ ಇಂಗ್ಲಿಷ್ ಪ್ರತಿಯ ಅಂಚಿನಲ್ಲಿ, ಪ್ರತಿ ಮಾತಿನ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ: ಕಂಡದ್ದು, ಬೇರೆಯವರು ಹೇಳಿದ್ದು, ಅಥವಾ ನಮ್ಮ ಊಹೆ. ಒಡೆದ ಮೇಲೆ ಕನ್ನಡದ ಪ್ರತಿ ವಾಕ್ಯದ ಕ್ರಿಯಾಪದದಲ್ಲೂ ಆ ಗುರುತು ಕಾಣಬೇಕು. ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಮುಂದಿನ ಮೂರಕ್ಕೂ ಅನ್ವಯವಾಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹಾಗೆ ತಿದ್ದಿದ ರೂಪ ಇದು:

"ನಮ್ಮ ಪ್ರಯೋಗದಲ್ಲಿ, ಲವಣ ಹೆಚ್ಚಿದ್ದ ಮಣ್ಣಿನಲ್ಲಿ ಜೋಳದ ಬೀಜ ಕಡಿಮೆ ಮೊಳೆಯಿತು. ಇಂಥ ಮಣ್ಣಿನಲ್ಲಿ ಬೀಜಕ್ಕೆ ಸಾಕಷ್ಟು ನೀರು ಹೀರಿಕೊಳ್ಳಲು ಆಗದಿರುವುದೇ ಇದಕ್ಕೆ ಕಾರಣವೆಂದು ಹಿಂದಿನ ಸಂಶೋಧಕರು ಹೇಳಿದ್ದಾರೆ. ಅದನ್ನು ನಾವು ಬೇರೆಯಾಗಿ ಅಳೆದಿಲ್ಲ. ಬಿತ್ತುವ ಮೊದಲು ಬೀಜ ನೆನೆಸಿದರೆ ಈ ಕೊರತೆ ಸ್ವಲ್ಪ ಮಟ್ಟಿಗೆ ನೀಗುವ ಸಾಧ್ಯತೆ ಇದೆ."

'ಮೊಳೆಯುತ್ತದೆ' ಇದ್ದದ್ದು 'ಮೊಳೆಯಿತು' ಆಗಿದೆ ನೋಡಿ. ಮೊದಲನೆಯದು ಎಲ್ಲ ಕಾಲಕ್ಕೂ ಸಲ್ಲುವ ಮಾತು. ಎರಡನೆಯದು ನಾವು ಕಂಡದ್ದಷ್ಟೇ. 'ನೀಗಬಹುದು' ಎಂಬುದನ್ನೂ ಬೇಕೆಂದೇ ತೆಗೆದೆ. ಕನ್ನಡದ 'ಬಹುದು' ಸಾಧ್ಯತೆಯನ್ನೂ ಹೇಳುತ್ತದೆ, ಅನುಮತಿಯನ್ನೂ ಕೊಡುತ್ತದೆ. 'ಬೀಜ ನೆನೆಸಿ ಬಿತ್ತಬಹುದು' ಎಂದು ಬರೆದರೆ ರೈತರು ಅದನ್ನು ಸಲಹೆ ಅಂತಲೇ ಓದುತ್ತಾರೆ. ಹೊಲದಲ್ಲಿ ಪರೀಕ್ಷಿಸದೆ ಕುಂಡದಲ್ಲಿ ಮಾತ್ರ ನೋಡಿದ ವಿಷಯಕ್ಕೆ ಅಷ್ಟು ತೂಕ ಕೊಡಲು ನನಗೆ ಮನಸ್ಸಿಲ್ಲ.

'ಎನ್ನಲಾಗಿದೆ' ಎಂಬುದನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆ ಅದು ಸುಲಭದ ಉತ್ತರದಂತೆ ಕಾಣುತ್ತದೆ. ಆದರೆ ಪತ್ರಿಕೆ ಓದುವ ಕನ್ನಡಿಗರಿಗೆ ಅದು ಖಚಿತವಾಗದ ಸುದ್ದಿಯ ದನಿ. ಕರಡನ್ನು ನಾನು ಒಬ್ಬ ವಿದ್ಯಾರ್ಥಿನಿಗೆ ಓದಲು ಕೊಡುತ್ತೇನೆ. ಇಂಥ ಕಡೆ ಅವಳು ಕೇಳುವ ಪ್ರಶ್ನೆ ಒಂದೇ: "ಮೇಡಂ, ಇದು ನೀವು ಹೇಳ್ತಿರೋದಾ, ಬೇರೆಯವರು ಹೇಳಿದ್ದಾ?" ಆ ಪ್ರಶ್ನೆ ಬಂದ ಜಾಗದಲ್ಲೆಲ್ಲ ಕರ್ತೃವನ್ನು ಹೆಸರಿಸಿ ಬರೆಯುತ್ತೇನೆ.

ಹಾಗಂತ ಕನ್ನಡಕ್ಕೆ ಬಂದಾಗ ಎಲ್ಲವನ್ನೂ ಒಡೆಯಬೇಕಿಲ್ಲ. ಪ್ರಯೋಗದ ವಿಧಾನ ಹೇಳುವ ಭಾಗದಲ್ಲಿ ನಾನು ವಾಕ್ಯಗಳನ್ನು ಕೂಡಿಸುತ್ತೇನೆ. ಇಂಗ್ಲಿಷಿನಲ್ಲಿ ನೆನೆಸಲಾಯಿತು, ಒಣಗಿಸಲಾಯಿತು, ಬಿತ್ತಲಾಯಿತು, ಎಣಿಸಲಾಯಿತು ಅಂತ ನಾಲ್ಕು ವಾಕ್ಯ. ಕನ್ನಡದಲ್ಲಿ: "ಬೀಜವನ್ನು ಹತ್ತು ಗಂಟೆ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಕುಂಡಗಳಲ್ಲಿ ಬಿತ್ತಿ, ಮೊಳಕೆಗಳನ್ನು ದಿನವೂ ಎಣಿಸಿದೆವು." ಉದ್ದ ಹೆಚ್ಚು ಕಡಿಮೆ ಅಷ್ಟೇ. ಆದರೂ ಓದಲು ಕಷ್ಟವಿಲ್ಲ, ಏಕೆಂದರೆ ಕೆಲಸಗಳು ನಡೆದ ಕ್ರಮದಲ್ಲೇ ಮಾತೂ ಸಾಗುತ್ತದೆ. ಒಂದೇ ಷರತ್ತು, ಎಲ್ಲ ಕ್ರಿಯೆಗೂ ಕರ್ತೃ ಒಬ್ಬರೇ ಆಗಿರಬೇಕು. 'ಬೀಜವನ್ನು ಬಿತ್ತಿ, ಮೂರನೇ ದಿನ ಮೊಳೆಯಿತು' ಎಂದರೆ ಎಡವಿದಂತಾಗುತ್ತದೆ. ಬಿತ್ತಿದವರು ನಾವು, ಮೊಳೆತದ್ದು ಬೀಜ. ಅಲ್ಲಿ 'ಬಿತ್ತಿದ ಮೂರನೇ ದಿನಕ್ಕೆ ಮೊಳೆಯಿತು' ಎನ್ನಬೇಕು.

ಇಲ್ಲಿ 'ಎಣಿಸಿದೆವು' ಎಂದದ್ದಕ್ಕೆ ಕೆಲವು ಹಿರಿಯರು ಹುಬ್ಬೇರಿಸುತ್ತಾರೆ. ಶಾಸ್ತ್ರದ ಬರವಣಿಗೆಯಲ್ಲಿ 'ನಾವು' ಬರಬಾರದು, 'ಎಣಿಸಲಾಯಿತು' ಅಂತಲೇ ಇರಬೇಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದೆರಡು ಕಡೆ 'ಲಾಯಿತು' ಇರಲಿ. ಪುಟದ ತುಂಬ ಅದೇ ಆದರೆ ಯಾರು ಏನು ಮಾಡಿದರು ಅನ್ನುವುದೇ ಮಸುಕಾಗುತ್ತದೆ. 'ವಿಕೆ' ಸೇರಿಸಿ ಕ್ರಿಯಾಪದವನ್ನು ನಾಮಪದ ಮಾಡುವುದೂ ಅಷ್ಟೇ. ಗಾಂಭೀರ್ಯ ಬರುವುದು ಪೂರ್ತಿಯಾದ ಕ್ರಿಯಾಪದದಿಂದ, ಸ್ಪಷ್ಟವಾದ ಕರ್ತೃವಿನಿಂದ. 'ಈ ಅಧ್ಯಯನವು ತೋರಿಸುತ್ತದೆ' ಎನ್ನುವುದಕ್ಕಿಂತ 'ಈ ಅಧ್ಯಯನದಿಂದ ತಿಳಿಯುತ್ತದೆ' ಎಂಬುದು ಕನ್ನಡದ ಕಿವಿಗೆ ಒಗ್ಗುತ್ತದೆ. ಮತ್ತೊಂದು ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ಬರೀ ಮನೆತನದ ಹೆಸರು ಹಾಕಿ, ಎಲ್ಲರಿಗೂ ಒಂದೇ ರೀತಿಯ ಕ್ರಿಯಾಪದ ಬಳಸುತ್ತೇವೆ. ಕನ್ನಡದಲ್ಲಿ 'ಅವರು ತೋರಿಸಿದ್ದಾರೆ' ಎಂಬ ಬಹುವಚನ ಬೇಕೇ ಬೇಕು. ವಾದವನ್ನು ಒಪ್ಪದೆ ಬರೆಯುವಾಗಲಂತೂ ಅದನ್ನು ಬಿಡುವ ಹಾಗಿಲ್ಲ.

ಪಾರಿಭಾಷಿಕ ಪದಗಳ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಎರವಲು ಪದವಲ್ಲ, ಅಚ್ಚಗನ್ನಡದ 'ಸವಳು'. ರೈತರ ಮಾತಿನಲ್ಲಿ ಬಿಳಿ ಉಪ್ಪು ಕಟ್ಟಿದ ನೆಲವೂ ಸವಳೇ, ನೀರು ಇಂಗದೆ ಗಟ್ಟಿಯಾದ ನೆಲವೂ ಸವಳೇ. ಮಣ್ಣು ವಿಜ್ಞಾನಕ್ಕೆ ಅವು ಎರಡು ಬೇರೆ ಮಣ್ಣುಗಳು. ಮಣ್ಣಿನ ಸಂತೃಪ್ತ ಸಾರದ, ಅಂದರೆ ನೀರಿನಲ್ಲಿ ಪೂರ್ತಿ ನೆನೆದ ಮಣ್ಣಿನಿಂದ ಹೀರಿ ತೆಗೆದ ನೀರಿನ, ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದು, ಪಿ.ಎಚ್. 8.5ಕ್ಕಿಂತ ಕೆಳಗಿದ್ದರೆ ಅದು ಲವಣ ಮಣ್ಣು. ವಿನಿಮಯವಾಗುವ ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚಿದ್ದು, ಪಿ.ಎಚ್. 8.5 ದಾಟಿದ್ದರೆ ಅದು ಕ್ಷಾರ ಮಣ್ಣು. ಎರಡೂ ಸೇರಿದ್ದೂ ಇರುತ್ತದೆ. ಲವಣ ಮಣ್ಣಿಗೆ ಒಳ್ಳೆಯ ನೀರು ಹಾಯಿಸಿ, ಬಸಿಗಾಲುವೆಯಲ್ಲಿ ಉಪ್ಪು ಹೊರಹೋಗುವಂತೆ ಮಾಡಬೇಕು. ಕ್ಷಾರ ಮಣ್ಣಿಗೆ ಮೊದಲು ಜಿಪ್ಸಂ ಬೇಕು, ಸುಮ್ನೆ ನೀರು ಹಾಯಿಸಿದರೆ ಉಪಯೋಗವಿಲ್ಲ. ಲೇಖನದಲ್ಲಿ ಬರೀ 'ಸವಳು' ಎಂದು ಬರೆದರೆ ಉಪಚಾರವೇ ಅದಲುಬದಲಾದೀತು. ಆದ್ದರಿಂದ 'ಸವಳು' ಪದವನ್ನು ಪೀಠಿಕೆಯಲ್ಲಿ ಬಳಸಿ, ಅದರಲ್ಲಿ ಎರಡು ಬಗೆ ಇದೆ ಎಂದು ಹೇಳಿ, ಅಲ್ಲಿಂದ ಮುಂದೆ ಲವಣ ಮಣ್ಣು, ಕ್ಷಾರ ಮಣ್ಣು ಎಂದೇ ಬರೆಯುತ್ತೇನೆ. ಒಮ್ಮೆ ಹಿಡಿದ ಪದವನ್ನು ಚೆಂದಕ್ಕಾಗಿ ಬದಲಾಯಿಸುವುದಿಲ್ಲ.

ಎರವಲು ಪದಗಳಿಗೆ ನನ್ನ ನಿಯಮ ಸರಳ. ಮೂಲವಸ್ತುಗಳ ಹೆಸರು, ಅಳತೆಯ ಮಾನ, ವ್ಯಕ್ತಿಗಳ ಹೆಸರಿನಿಂದ ಬಂದ ಪದ ಇವೆಲ್ಲ ಇದ್ದ ಹಾಗೇ ಇರಲಿ. ಕೇಂದ್ರ ಸರ್ಕಾರ 1961ರಲ್ಲಿ ರಚಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪದಾವಳಿ ಆಯೋಗದ ಸೂತ್ರಗಳೂ ಇದನ್ನೇ ಹೇಳುತ್ತವೆ. ಕಷ್ಟ ಬರುವುದು ವಿಭಕ್ತಿ ಹಚ್ಚುವಾಗ. ಸೋಡಿಯಂ, ಜಿಪ್ಸಂ ಥರ ಸೊನ್ನೆಯಲ್ಲಿ ಮುಗಿಯುವ ಪದಕ್ಕೆ 'ಅನ್ನು' ಸೇರಿಸಿದರೆ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಾನು ಪಕ್ಕದಲ್ಲಿ ಒಂದು ಕನ್ನಡ ಪದ ಇಟ್ಟು ವಿಭಕ್ತಿಯನ್ನು ಅದಕ್ಕೆ ಹಚ್ಚುತ್ತೇನೆ: ಸೋಡಿಯಂ ಅಂಶವನ್ನು, ಜಿಪ್ಸಂ ಪುಡಿಯನ್ನು. ಆದರೆ ಪ್ರತಿ ಸಾಲಿನಲ್ಲೂ 'ಅಂಶ' ಬಂದರೆ ವಾಕ್ಯ ಮತ್ತೆ ಭಾರವಾಗುತ್ತದೆ. ಅಂಥ ಕಡೆ ವಾಕ್ಯವನ್ನು ತಿರುಗಿಸಿ, ಪದವನ್ನು ಕರ್ತೃವಿನ ಸ್ಥಾನಕ್ಕೆ ತರುತ್ತೇನೆ. 'ಸೋಡಿಯಂ ಅನ್ನು ಕಡಿಮೆ ಮಾಡಲು' ಎನ್ನುವ ಬದಲು 'ಸೋಡಿಯಂ ಕಡಿಮೆಯಾಗಲು' ಎಂದರೆ ಸಾಕು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಎಡವುವ ಜಾಗಗಳು ಬೇರೆ. 'ಅಳೆದು ನೋಡಿದಾಗ ಕಡಿಮೆ ಇತ್ತು' ಎಂಬ ಕನ್ನಡ ವಾಕ್ಯದಲ್ಲಿ ಯಾರು ಅಳೆದರು, ಏನು ಕಡಿಮೆ ಇತ್ತು ಅನ್ನುವುದು ಹಿಂದಿನ ಸಾಲಿನಿಂದ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎರಡನ್ನೂ ಬರೆಯಲೇಬೇಕು. ಹಾಗಾಗಿ ಕನ್ನಡ ಕರಡಿನಲ್ಲಿ ಕರ್ತೃ ಇಲ್ಲದ ಕ್ರಿಯಾಪದಗಳಿಗೆಲ್ಲ ಮೊದಲು ಅಡಿಗೆರೆ ಹಾಕುತ್ತೇನೆ. ಇನ್ನೊಂದು ಜಾಗ 'ಗಮನಾರ್ಹ'. ಕನ್ನಡದಲ್ಲಿ ನಾವು ಅದನ್ನು 'ಸಾಕಷ್ಟು ದೊಡ್ಡದು' ಎಂಬ ಅರ್ಥದಲ್ಲಿ ಧಾರಾಳವಾಗಿ ಬಳಸುತ್ತೇವೆ. ಅದಕ್ಕೆ ಇಂಗ್ಲಿಷಿನಲ್ಲಿ ತಟ್ಟನೆ ಹೊಳೆಯುವ 'ಸಿಗ್ನಿಫಿಕೆಂಟ್' ಎಂಬ ಪದ ಸಂಖ್ಯಾಶಾಸ್ತ್ರದ್ದು. ಅದನ್ನು ಬರೆದರೆ ಪರೀಕ್ಷೆ ಮಾಡಿ ಲೆಕ್ಕ ಹಾಕಿದ್ದೇವೆ ಎಂದೇ ಅರ್ಥ, ಲೇಖನ ಪರಿಶೀಲಿಸುವವರು ಆ ಲೆಕ್ಕ ಕೇಳುತ್ತಾರೆ. ಅದಕ್ಕೇ ಕನ್ನಡದ ಕರಡಿನಲ್ಲೇ 'ಗಮನಾರ್ಹ' ತೆಗೆದು ಅಂಕಿ ಬರೆಯುತ್ತೇನೆ. ನೂರರಲ್ಲಿ ಇಷ್ಟು ಬೀಜ ಮೊಳೆಯುತ್ತಿದ್ದದ್ದು ಇಷ್ಟಕ್ಕೆ ಇಳಿಯಿತು ಎಂದು ಬರೆದರೆ, ಆ ಸಾಲು ಎರಡೂ ಭಾಷೆಗೆ ಬದಲಾವಣೆಯಿಲ್ಲದೆ ಹೋಗುತ್ತದೆ.