ಮೂರು ಬೊಂಬೆ, ಮೂರು ಗೆರೆ: ಫೋಟೊ ನೋಡಿ ಅರಗಿನ ಆಟಿಕೆಯನ್ನು ಗುರುತಿಸಿದ ಬಗೆ

ನಮ್ಮ ಶಿಶುವಿಹಾರಕ್ಕೆ ಆಟಿಕೆಗಳನ್ನು ಆರಿಸುವ ಕೆಲಸ ನನ್ನದು. ಹೆಚ್ಚಿನವನ್ನು ಮೊಬೈಲ್‌ಗೆ ಬಂದ ಫೋಟೊ ನೋಡಿಯೇ ತರಿಸಬೇಕಾಗುತ್ತದೆ. ಕಳೆದ ವರ್ಷ ಒಬ್ಬ ಮಾರಾಟಗಾರರು ಮೂರು ಬೊಂಬೆಗಳ ಚಿತ್ರ ಕಳುಹಿಸಿದರು. ಕೆಂಪು ಮೈ, ನಡುವೆ ಹಳದಿ ಪಟ್ಟಿ, ದುಂಡು ತಲೆ. ಮೂರೂ ಚನ್ನಪಟ್ಟಣದ ಅರಗಿನ ಬೊಂಬೆಗಳೆಂದು ಬರೆದಿದ್ದರು. ಮೂರರ ಮೈಮೇಲೂ ಮೇಲಿನಿಂದ ಕೆಳಕ್ಕೆ ಒಂದೊಂದು ಗೆರೆ ಕಾಣುತ್ತಿತ್ತು. ಅವುಗಳಲ್ಲಿ ಒಂದು ಮಾತ್ರ ಪ್ಲಾಸ್ಟಿಕ್ ಎಂದು ತೀರ್ಮಾನಿಸಲು ನನಗೆ ಎರಡು ದಿನ ಹಿಡಿಯಿತು.

ನಾನು ಮೊದಲು ನೋಡುವುದು ಗೆರೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದನ್ನು. ಚನ್ನಪಟ್ಟಣದ ಬೊಂಬೆಯನ್ನು ಲೇತ್ ಮೇಲೆ ಕಡೆಯುತ್ತಾರೆ. ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ, ಉಳಿ ಅದಕ್ಕೆ ಆಕಾರ ಕೊಡುತ್ತದೆ. ಬಣ್ಣ ಹಾಕುವುದೂ ಅಲ್ಲಿಯೇ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಹೀಗಾಗಿ ಉಳಿ, ಅರಗು, ಗರಿ ಉಳಿಸಿಹೋಗುವ ಗುರುತುಗಳೆಲ್ಲ ಬೊಂಬೆಯ ಸುತ್ತ ಬಳೆಯ ಹಾಗೆ ಇರುತ್ತವೆ. ಫೋಟೊವನ್ನು ಹಿಗ್ಗಿಸಿ ಹೊಳಪಿನ ಅಂಚನ್ನು ನೋಡಿದರೆ ಈ ಸಣ್ಣ ಬಳೆಗಳು ಬೆಳಕನ್ನು ಅಲ್ಲಲ್ಲಿ ನಡುಗಿಸಿರುವುದು ಕಾಣುತ್ತದೆ.

ಪ್ಲಾಸ್ಟಿಕ್ ಬೊಂಬೆ ಎರಡು ಹೋಳಿನ ಅಚ್ಚಿನಲ್ಲಿ ಹುಟ್ಟುತ್ತದೆ. ಹೋಳುಗಳು ಕೂಡುವಲ್ಲಿ ಸಣ್ಣದೊಂದು ಏಣು ಉಳಿಯುತ್ತದೆ, ಮತ್ತು ನಿಂತ ಬೊಂಬೆಯಲ್ಲಿ ಅದು ಸಾಮಾನ್ಯವಾಗಿ ತಲೆಯಿಂದ ಬುಡದವರೆಗೆ ಉದ್ದಕ್ಕೆ ಸಾಗುತ್ತದೆ. ಬಣ್ಣ ಬಳಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಕಡೆದ ಮರದಲ್ಲಿ ಇಂಥ ಗೆರೆ ಹುಟ್ಟಲು ಕಾರಣವೇ ಇಲ್ಲ.

ಹಾಗಿದ್ದರೆ ಮೂರರಲ್ಲೂ ಉದ್ದಗೆರೆ ಹೇಗೆ ಬಂತು? ಹಿಂದೊಮ್ಮೆ ಇಂಥದೇ ಗೆರೆ ಕಂಡು ಒಳ್ಳೆಯ ಮರದ ಬೊಂಬೆಗಳನ್ನು ನಾನು ನಿರಾಕರಿಸಿದ್ದೆ. ಆ ಬೊಂಬೆಗಳನ್ನು ಪರಿಚಯದವರ ಮನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ ದಿನ ನನ್ನ ತಪ್ಪು ತಿಳಿಯಿತು. ಆದ್ದರಿಂದ ಈ ಬಾರಿ ಮಾರಾಟಗಾರರಿಗೆ ಒಂದೇ ಕೋರಿಕೆ ಕಳುಹಿಸಿದೆ: ಫ್ಲ್ಯಾಷ್ ಬೇಡ, ಕಿಟಕಿಯ ಪಕ್ಕ ಇಡಿ, ಮೊಬೈಲನ್ನು ಕದಲಿಸಬೇಡಿ, ಬೊಂಬೆಯನ್ನು ನಿಂತಲ್ಲೇ ಕಾಲು ಸುತ್ತಿನಂತೆ ತಿರುಗಿಸುತ್ತ ನಾಲ್ಕು ಫೋಟೊ ತೆಗೆಯಿರಿ.

ಮೊದಲನೆಯ ಬೊಂಬೆಯ ಗೆರೆ ನಾಲ್ಕು ಫೋಟೊಗಳಲ್ಲೂ ಒಂದೇ ಜಾಗದಲ್ಲಿತ್ತು. ಅದು ಕಿಟಕಿಯ ಬೆಳಕು. ದುಂಡನೆಯ ನುಣುಪು ಮೈಮೇಲೆ ಬೆಳಕು ಉದ್ದನೆಯ ಪಟ್ಟೆಯಾಗಿ ಬೀಳುತ್ತದೆ, ಬೊಂಬೆ ತಿರುಗಿದರೂ ಅದು ಕದಲುವುದಿಲ್ಲ. ಎರಡನೆಯದರ ಗೆರೆ ಬೊಂಬೆಯ ಜೊತೆಗೇ ತಿರುಗಿ ಮರೆಯಾಯಿತು, ಮೂರನೆಯ ಫೋಟೊದಲ್ಲಿ ಎದುರು ಬದಿಯಲ್ಲಿ ಅಂಥದೇ ಇನ್ನೊಂದು ಗೆರೆ ಬಂತು. ಎರಡೂ ನೆಟ್ಟಗಿದ್ದವು, ಕೆಂಪು, ಹಳದಿ ಎನ್ನದೆ ಎಲ್ಲ ಪಟ್ಟಿಗಳನ್ನೂ ದಾಟಿ ಬುಡ ಮುಟ್ಟಿದ್ದವು. ಇದು ಅಚ್ಚಿನ ಗೆರೆ. ಮೂರನೆಯ ಬೊಂಬೆಯ ಗೆರೆಯೂ ಜೊತೆಗೆ ತಿರುಗಿತು, ಆದರೆ ಎದುರು ಬದಿಯಲ್ಲಿ ಅದಕ್ಕೆ ಜೋಡಿ ಇರಲಿಲ್ಲ. ಬುಡದಿಂದ ಹೊರಟು ಸ್ವಲ್ಪ ಓರೆಯಾಗಿ ಏರಿ ಹಳದಿ ಪಟ್ಟಿಗೆ ಮುಂಚೆಯೇ ನಿಂತುಬಿಟ್ಟಿತ್ತು. ಮರ ಒಣಗುವಾಗ ಬಿಟ್ಟ ಬಿರುಕು ಅದು. ನಾನು ಹಿಂದೆ ಅಚ್ಚಿನ ಗೆರೆಯೆಂದು ತಪ್ಪಾಗಿ ತಿಳಿದದ್ದು ಇಂಥ ಬಿರುಕನ್ನೇ.

ಎರಡು ಬಣ್ಣಗಳು ಸೇರುವ ಅಂಚನ್ನೂ ಹಿಗ್ಗಿಸಿ ನೋಡಿದೆ. ಅರಗಿನ ಬೊಂಬೆಯಲ್ಲಿ ಆ ಅಂಚು ಪೂರ್ತಿ ಸುತ್ತು. ಒಂದು ಬಣ್ಣ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಹತ್ತಿದ್ದರೂ ಅದು ಸುತ್ತಲೂ ಹತ್ತಿರುತ್ತದೆ. ಎರಡನೆಯ ಬೊಂಬೆಯಲ್ಲಿ ಹಳದಿಯ ಅಂಚಿನಾಚೆ ಕೆಂಪಿನ ಸಣ್ಣ ಹನಿಗಳು ಒಂದು ಕಡೆ ಮಾತ್ರ ಮಂಜಿನಂತೆ ಹರಡಿದ್ದವು. ಬಣ್ಣವನ್ನು ಸಿಂಪಡಿಸಿದಾಗ ಹೀಗಾಗುತ್ತದೆ. ಕಣ್ಣು, ಬಾಯಿಗಳನ್ನು ಮಾತ್ರ ನಾನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಅವನ್ನು ನಿಜವಾದ ಅರಗಿನ ಬೊಂಬೆಗೂ ಕುಂಚದಿಂದಲೇ ಬರೆಯುತ್ತಾರೆ.

ಮರುದಿನ ಬುಡದ ಮತ್ತು ಕತ್ತಿನ ಫೋಟೊ ಕೇಳಿದೆ. ಮಾರುವವರು ಈ ಎರಡು ಜಾಗಗಳನ್ನು ತಾವಾಗಿ ತೋರಿಸುವುದು ಅಪರೂಪ, ನನಗೋ ಅವೇ ಅತಿ ಮುಖ್ಯ. ಬೊಂಬೆಯನ್ನು ಲೇತ್‌ನಿಂದ ಕತ್ತರಿಸಿ ಬಿಡಿಸುವುದು ಬುಡದಲ್ಲಿ, ಹಾಗಾಗಿ ಅಲ್ಲಿ ಅರಗು ಇಲ್ಲದ ಬರಿಯ ಮರ ಕಾಣಸಿಗುತ್ತದೆ. ಸಂಪ್ರದಾಯದಂತೆ ಬಳಸುವ ಆಲೆ ಮರ ದಂತದಂತೆ ಬಿಳಿ, ಎಳೆ ಬಹಳ ನಯ. ಕಂದು ಬಣ್ಣದ ದಪ್ಪ ದಪ್ಪ ಎಳೆಗಳು ಎದ್ದು ಕಾಣುವ 'ಮರ'ವನ್ನು ಕಂಡರೆ ನನಗೆ ಅನುಮಾನವೇ ಹೆಚ್ಚಾಗುತ್ತದೆ, ಆ ಚಿತ್ತಾರ ಅಚ್ಚೊತ್ತಿದ್ದಾಗಿರಬಹುದು. ಬೇರೆ ಮರಗಳನ್ನೂ ಬಳಸುತ್ತಾರಾದ್ದರಿಂದ ಇದೊಂದರ ಮೇಲೆಯೇ ತೀರ್ಪು ಕೊಡುವುದಿಲ್ಲ.

ತಲೆಯನ್ನು ಬೇರೆಯಾಗಿ ಕಡೆದು ಮರದ ಗೂಟದಿಂದ ಕೂರಿಸಿದ್ದರೆ, ತಲೆಯನ್ನು ತುಸು ಎತ್ತಿ ಹಿಡಿದಾಗ ಬಣ್ಣವಿಲ್ಲದ ಗೂಟ, ಅದರ ಸುತ್ತ ಬೈರಿಗೆ ಕೊರೆದ ತೂತಿನ ಒರಟು ನಾರು ಕಾಣುತ್ತದೆ. ಮೊದಲನೆಯ ಮತ್ತು ಮೂರನೆಯ ಬೊಂಬೆಗಳಲ್ಲಿ ಅದೇ ಕಂಡಿತು. ಎರಡನೆಯದರ ಕತ್ತಿನ ತೂತಿನ ಒಳಗೋಡೆ ಹೊರಗಿನಷ್ಟೇ ನುಣುಪು, ಒಳಗೆ ಟೊಳ್ಳು. ಬುಡದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು. ಮರದ ಮೇಲೆ ಮುದ್ರೆ ಒತ್ತಿದರೆ ಅಕ್ಷರ ತಗ್ಗುತ್ತದೆ, ಶಾಯಿಯದಾದರೆ ಮರದ ನಾರಿನ ಗುಂಟ ಸ್ವಲ್ಪ ಹರಡುತ್ತದೆ. ಬುಡದಲ್ಲಿ ಅಕ್ಷರ ಉಬ್ಬಿ ನಿಲ್ಲುವುದು ಅಚ್ಚಿನ ಕೆಲಸ.

ಮಾರಾಟಗಾರರು ಎರಡನೆಯ ಬೊಂಬೆಯ ಪೆಟ್ಟಿಗೆಯ ಮೇಲಿದ್ದ ಐಎಸ್‌ಐ ಮುದ್ರೆಯನ್ನು ತೋರಿಸಿ, ಇದಕ್ಕಿಂತ ಸಾಕ್ಷಿ ಬೇಕೆ ಎಂದರು. ಈ ಮುದ್ರೆಯ ವಿಷಯದಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ, ಆದರೆ ಅದು ಹೇಳುವುದು ಸುರಕ್ಷತೆಯ ಮಾನದಂಡದ ಬಗ್ಗೆ, ವಸ್ತು ಮರವೋ ಪ್ಲಾಸ್ಟಿಕ್ಕೋ ಎಂಬುದನ್ನಲ್ಲ. ಚನ್ನಪಟ್ಟಣದ ಬೊಂಬೆಗಳಂತೆ ಭೌಗೋಳಿಕ ಸೂಚಕವಾಗಿ, ಅಂದರೆ ಒಂದು ಊರಿನ ವಿಶೇಷ ಸರಕಾಗಿ, ನೋಂದಾಯಿತವಾದ ಆಟಿಕೆಗಳಿಗೂ ಸರ್ಕಾರದ ಕರಕುಶಲ ಆಯುಕ್ತರ ಬಳಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಸರಕಿಗೂ ಮುದ್ರೆಯನ್ನು ಕಡ್ಡಾಯ ಮಾಡಿದ ಆದೇಶದಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಅಪ್ಪಟ ಚನ್ನಪಟ್ಟಣದ ಬೊಂಬೆಯ ಮೇಲೆ ಐಎಸ್‌ಐ ಮುದ್ರೆ ಇಲ್ಲದಿರಬಹುದು. ಮುದ್ರೆಯಿದ್ದರೆ ನಾನು ಅದರ ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು BIS Care ಆ್ಯಪ್‌ನಲ್ಲಿ ಹಾಕಿ, ಅದು ಯಾರ ಹೆಸರಿನಲ್ಲಿದೆ, ಯಾವ ವಸ್ತುವಿನದು ಎಂದು ನೋಡುತ್ತೇನೆ. ಭೌಗೋಳಿಕ ಸೂಚಕದ ಚಿಹ್ನೆಯನ್ನೂ ಪೆಟ್ಟಿಗೆಯ ಮೇಲೆ ಯಾರು ಬೇಕಾದರೂ ಮುದ್ರಿಸಬಹುದು, ಅದಕ್ಕಾಗಿಯೇ ಬುಡ ಮತ್ತು ಕತ್ತು ನೋಡಿದ ಮೇಲಷ್ಟೇ ಮುದ್ರೆಯ ಕಡೆ ಕಣ್ಣು ಹಾಯಿಸುತ್ತೇನೆ.

ಫೋಟೊ ಕೈಕೊಡುವ ಸಂದರ್ಭ ಒಂದಿದೆ: ಮರ ನಿಜವಾದದ್ದೇ ಆಗಿದ್ದು, ಅರಗಿನ ಬದಲು ಎನಾಮಲ್ ಬಣ್ಣ ಬಳಿದಿರುವುದು. ಉಳಿಯಿಂದ ಕೊರೆದ ಸಣ್ಣ ಕಾಲುವೆಗಳಲ್ಲಿ ಬಣ್ಣ ತುಂಬಿ ನಿಂತಿದ್ದರೆ, ಅಂಚಿನಲ್ಲಿ ಹನಿ ಇಳಿದಿದ್ದರೆ ಅದು ಬಳಿದ ಬಣ್ಣ. ಅಚ್ಚುಕಟ್ಟಾಗಿ ಬಳಿದಿದ್ದರೆ ಫೋಟೊದಲ್ಲಿ ಬಿಡಿಸಿ ಹೇಳಲು ನನ್ನಿಂದ ಆಗುವುದಿಲ್ಲ, ಅಂಥದನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ.

ಕೊನೆಗೆ ಮೊದಲನೆಯ ಬೊಂಬೆಯನ್ನು ಮಾತ್ರ ತರಿಸಿದೆ. ಮೂರನೆಯದೂ ಅಪ್ಪಟ ಅರಗಿನದೇ, ಆದರೆ ಬಿರುಕಿನ ಅಂಚಿನಲ್ಲಿ ಅರಗು ಚಕ್ಕೆಯಾಗಿ ಏಳುತ್ತದೆ, ನಮ್ಮ ಮಕ್ಕಳು ಬೊಂಬೆಯನ್ನು ಬಾಯಿಗಿಡುವ ವಯಸ್ಸಿನವರು. ಬಿರುಕಿಲ್ಲದ ಇನ್ನೊಂದಿದ್ದರೆ ಅದರದೂ ನಾಲ್ಕು ಫೋಟೊ ಕಳುಹಿಸಿ ಎಂದು ಮಾರಾಟಗಾರರಿಗೆ ಬರೆದೆ.