ತೊಂಬತ್ತು ಸೆಕೆಂಡಿನ ವಿಡಿಯೊಗೆ ಒಂದು ಪುಟದ ಪತ್ರ

‘ಮಕ್ಕಳಲ್ಲಿ ರಸ್ತೆ ಸುರಕ್ಷತೆಯ ಅರಿವು ಮೂಡಿಸುವ ಆಕರ್ಷಕ ಅನಿಮೇಷನ್ ವಿಡಿಯೊ ಮಾಡಿಕೊಡಿ.’ ಶಾಲೆಯೊಂದು ಅನಿಮೇಷನ್ ಸ್ಟುಡಿಯೊಗೆ ಇಷ್ಟು ಬರೆದು ಕಳಿಸಿದರೆ ಹೆಲ್ಮೆಟ್, ಸಿಗ್ನಲ್, ಸೀಟ್ ಬೆಲ್ಟ್, ಜೀಬ್ರಾ ಪಟ್ಟೆ ಎಲ್ಲವನ್ನೂ ತುರುಕಿದ ಐದು ನಿಮಿಷದ ಚಿತ್ರ ಬರುತ್ತದೆ. ಶಾಲೆ ಇರುವ ಊರಿನಲ್ಲಿ ಸಿಗ್ನಲ್ಲೇ ಇಲ್ಲದಿದ್ದರೂ ಚಿತ್ರದಲ್ಲಿ ಇರುತ್ತದೆ. ತಪ್ಪು ಸ್ಟುಡಿಯೊದವರದಲ್ಲ, ಪತ್ರದ್ದು.

ಆದ್ದರಿಂದ ಪತ್ರ ಬರೆಯುವ ಮುನ್ನ ಪ್ರಾಂಶುಪಾಲರು ಬೆಳಿಗ್ಗೆ ಅರ್ಧ ಗಂಟೆ ಶಾಲೆಯ ಗೇಟಿನಲ್ಲಿ ನಿಲ್ಲಬೇಕು. ಹೆದ್ದಾರಿ ಪಕ್ಕದ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಊರಿನ ಬಸ್ಸು ಎದುರು ಬದಿಯಲ್ಲಿ ನಿಲ್ಲುತ್ತದೆ. ಎಡಬಾಗಿಲಿನಿಂದ ಇಳಿದ ಮಕ್ಕಳು ಬಸ್ಸಿನ ಮೂತಿಯ ಮುಂದಿನಿಂದಲೇ ಗೇಟಿನತ್ತ ಓಡುತ್ತಾರೆ. ನಿಂತ ಬಸ್ಸನ್ನು ಹಿಂದಿಕ್ಕಿ ಬರುವ ಬೈಕಿನವನಿಗೆ ಮಗು ಕಾಣುವುದಿಲ್ಲ, ಮಗುವಿಗೆ ಬೈಕು ಕಾಣುವುದಿಲ್ಲ; ನಡುವೆ ಬಸ್ಸೇ ಗೋಡೆಯಾಗಿರುತ್ತದೆ. ಈ ಶಾಲೆಗೆ ಬೇಕಾದ ವಿಡಿಯೊ ಇದೊಂದರ ಬಗ್ಗೆ ಮಾತ್ರ.

ಗುರಿಯನ್ನು ಮಗು ಮಾಡಬೇಕಾದ ಕೆಲಸವಾಗಿ ಬರೆಯಿರಿ. ‘ಅರಿವು’ ಎಂಬುದನ್ನು ಯಾರೂ ಎಣಿಸಲಾರರು, ಓಡಿದ ಮಕ್ಕಳನ್ನು ಎಣಿಸಬಹುದು. ಪತ್ರದಲ್ಲಿ ಹೀಗಿರಲಿ:

‘ಈ ವಿಡಿಯೊ ನೋಡಿದ ಮಗು ಬಸ್ಸಿನಿಂದ ಇಳಿದ ಮೇಲೆ ರಸ್ತೆಯಿಂದ ದೂರ ಸರಿದು ನಿಲ್ಲಬೇಕು, ಬಸ್ಸು ಹೊರಟುಹೋಗಿ ರಸ್ತೆ ಎರಡೂ ಕಡೆ ಕಾಣುವವರೆಗೆ ಕಾಯಬೇಕು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ನಡೆದು ದಾಟಬೇಕು. ಬೇರೆ ನಿಯಮಗಳು ಈ ವಿಡಿಯೊದಲ್ಲಿ ಬೇಡ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಆಡಳಿತ ಮಂಡಳಿಯ ಯಾರಾದರೂ ‘ಹೆಲ್ಮೆಟ್ಟನ್ನೂ ಸೇರಿಸಿ’ ಎಂದೇ ಎನ್ನುತ್ತಾರೆ.

ಪ್ರೇಕ್ಷಕರು ಯಾರೆಂಬುದಕ್ಕೆ ‘ವಿದ್ಯಾರ್ಥಿಗಳು’ ಎಂದರೆ ಸಾಲದು. ಒಂದನೇ ತರಗತಿಯ ಮಗುವಿಗೂ ಹತ್ತನೇ ತರಗತಿಯವನಿಗೂ ಒಂದೇ ಚಿತ್ರ ಒಪ್ಪುವುದಿಲ್ಲ. ‘1ರಿಂದ 4ನೇ ತರಗತಿ, ಮನೆಮಾತು ಕನ್ನಡ, ಹಲವರಿಗೆ ಇನ್ನೂ ಸರಾಗವಾಗಿ ಓದಲು ಬಾರದು’ ಎಂದು ಬರೆದರೆ, ಪರದೆಯ ಮೇಲಿನ ಬರಹವನ್ನು ನಂಬಬಾರದೆಂದು ಚಿತ್ರ ಮಾಡುವವರಿಗೆ ತಾನಾಗಿಯೇ ತಿಳಿಯುತ್ತದೆ. ಎಲ್ಲಿ ತೋರಿಸುತ್ತೀರಿ ಎಂಬುದನ್ನೂ ಹೇಳಿ. ತರಗತಿಯ ಟಿ.ವಿ.ಯಲ್ಲಿ ಹಿಂದಿನ ಬೆಂಚಿನವರಿಗೆ ಕಾಣಬೇಕಾದರೆ ಪಾತ್ರಗಳು ದೊಡ್ಡದಾಗಿರಬೇಕು. ಪುಟ್ಟ ಮಕ್ಕಳು ಕಂಡದ್ದನ್ನು ಅನುಕರಿಸುವುದರಿಂದ, ಓಡುವ ತಪ್ಪನ್ನು ತಮಾಷೆಯಾಗಿ ತೋರಿಸಬಾರದು, ಅಪಘಾತವನ್ನು ತೋರಿಸಲೇಬಾರದು ಎಂದು ಒಂದು ಸಾಲು ಸೇರಿಸಿ.

ಅವಧಿಯ ವಿಷಯದಲ್ಲಿ ಲೆಕ್ಕ ಸುಲಭ. ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳುವ ಕನ್ನಡ ನಿಮಿಷಕ್ಕೆ ಸುಮಾರು ನೂರು ಪದ ಓಡುತ್ತದೆ. ಹಾಗಾಗಿ 90 ಸೆಕೆಂಡಿಗೆ ನೂರೈವತ್ತು ಪದ. ಇಳಿಯುವುದು, ಕಾಯುವುದು, ನೋಡುವುದು ಮಾತಿಲ್ಲದೆ ಕಾಣಬೇಕಾದ್ದರಿಂದ ನೂರಹತ್ತಕ್ಕೆ ನಿಲ್ಲಿಸುವುದು ಮೇಲು. ಪತ್ರದಲ್ಲಿ ‘ಅವಧಿ 90 ಸೆಕೆಂಡು, ನಿರೂಪಣೆ 110 ಪದ ಮೀರಬಾರದು’ ಎಂದು ಎರಡನ್ನೂ ಬರೆಯಿರಿ. ಚಿತ್ರಕಥೆ ಬಂದ ದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಒಬ್ಬ ಶಿಕ್ಷಕಿಯಿಂದ ಗಟ್ಟಿಯಾಗಿ ಓದಿಸಿ ನೋಡಿ.

ಇನ್ನೊಂದು ಎಚ್ಚರ. ಸ್ಟುಡಿಯೊಗಳು ಬಸ್ಸು, ರಸ್ತೆ, ಕಾರುಗಳ ಸಿದ್ಧ ಚಿತ್ರಗಳನ್ನು ಅಂತರಜಾಲದಿಂದ ಕೊಂಡು ಬಳಸುವುದುಂಟು. ಅವುಗಳಲ್ಲಿ ಅಮೆರಿಕದ್ದು ಬಹಳ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಬಸ್ಸಿನ ಬಾಗಿಲು ಬಲಕ್ಕಿರುತ್ತದೆ, ಮಕ್ಕಳಿಗೆ ಮೊದಲು ಎಡಕ್ಕೆ ನೋಡಲು ಕಲಿಸುತ್ತಾರೆ. ಹಳದಿ ಶಾಲಾ ಬಸ್ಸು ತನ್ನ ‘ನಿಲ್ಲಿ’ ಫಲಕ ಚಾಚಿದರೆ ಉಳಿದ ವಾಹನಗಳು ನಿಲ್ಲುತ್ತವೆ. ಹಾಗಾಗಿ ಆ ಚಿತ್ರಗಳ ಮಗು ಬಸ್ಸಿನ ಮುಂದಿನಿಂದಲೇ ದಾಟುತ್ತದೆ. ನಮ್ಮ ಮಗು ಕಲಿಯಬಾರದ್ದು ಅದನ್ನೇ. ‘ಎಡಬದಿ ಸಂಚಾರ, ಬಸ್ಸಿನ ಬಾಗಿಲು ಎಡಕ್ಕೆ, ಚಾಲಕ ಬಲಕ್ಕೆ, ನಮ್ಮ ಗೇಟಿನ ನಾಲ್ಕು ಫೋಟೊ ಲಗತ್ತಿಸಿದೆ’ ಎಂದು ಬರೆಯಿರಿ.

ಒಪ್ಪಿಗೆಯ ಹಂತಗಳಿಗೂ ಜಾಗ ಬೇಕು. ಚಿತ್ರಕಥೆ, ಆಮೇಲೆ ದೃಶ್ಯಗಳನ್ನು ಸಾಲಾಗಿ ಬಿಡಿಸಿ ತೋರಿಸುವ ಸ್ಟೋರಿಬೋರ್ಡ್, ಎರಡಕ್ಕೂ ಲಿಖಿತ ಒಪ್ಪಿಗೆ ಕೊಟ್ಟ ನಂತರವೇ ಅನಿಮೇಷನ್ ಆರಂಭವಾಗಲಿ. ಸ್ಟೋರಿಬೋರ್ಡಿನಲ್ಲಿ ಬಸ್ಸಿನ ಬಾಗಿಲನ್ನು ಅಳಿಸಿ ಬರೆಯುವುದು ಪೆನ್ಸಿಲ್ ಕೆಲಸ; ಚಿತ್ರ ಚಲಿಸತೊಡಗಿದ ಮೇಲೆ ಅದೇ ಬದಲಾವಣೆಗೆ ದಿನಗಳೂ ದುಡ್ಡೂ ಬೇಕಾಗುತ್ತವೆ. ಹಣವನ್ನೂ ಈ ಹಂತಗಳಿಗೇ ಕಟ್ಟಿಹಾಕಿ. ವಿಳಾಸ, ದಿನಾಂಕ, ಕೊನೆಯ ಗಡುವು, ಸಹಿ ಎಂದಿನಂತೆ.

ವಿಡಿಯೊ ತೋರಿಸುವ ಮುಂಚಿನ ವಾರ, ಬಸ್ಸಿನ ಮುಂದಿನಿಂದ ಓಡಿದ ಮಕ್ಕಳೆಷ್ಟು ಎಂದು ಗೇಟಿನಲ್ಲಿ ಎಣಿಸಿಟ್ಟುಕೊಳ್ಳಿ. ತೋರಿಸಿದ ಮರುವಾರವೊಮ್ಮೆ, ತಿಂಗಳ ನಂತರ ಮತ್ತೊಮ್ಮೆ ಎಣಿಸಿ. ಮರುವಾರ ಕಡಿಮೆಯಾದ ಸಂಖ್ಯೆ ತಿಂಗಳಿಗೆ ಮತ್ತೆ ಏರಿದ್ದರೆ ಹೊಸ ವಿಡಿಯೊಗೆ ಪತ್ರ ಬರೆಯಬೇಡಿ. ಅದನ್ನೇ ಮತ್ತೆ ತೋರಿಸಿ, ಮಕ್ಕಳನ್ನು ನಿಲ್ದಾಣಕ್ಕೆ ಕರೆದೊಯ್ದು ದಾಟಿಸಿ ಅಭ್ಯಾಸ ಮಾಡಿಸಿ.